ಅಕ್ಟೋಬರ್ 11ರ ಇನ್‌ಸ್ಟಾಲ್ ಕ್ಯಾಂಪ್: ಯಾರು, ಏನು, ಹೇಗೆ

ಐದನೇ ಮತ್ತು ಏಳನೇ ಸೆಮ್ ಗೆಳೆಯರಿಗೆ,

2025ರ ಅಕ್ಟೋಬರ್ 11, ಎರಡನೇ ಶನಿವಾರ, ಬೆಳಿಗ್ಗೆ 9:30ರಿಂದ ಸಂಜೆ 4ರವರೆಗೆ. ಜಾಗ ನಮ್ಮ ವಿಭಾಗದ ಲ್ಯಾಬ್ 1 ಮತ್ತು 2. ಅವತ್ತು ರಜೆ ಇರುವುದರಿಂದ ಎರಡೂ ಲ್ಯಾಬ್ ಖಾಲಿ. ಬೇರೆ ಕ್ಲಾಸಿನವರು ಇರುವುದಿಲ್ಲ, ನೆಟ್ ಕೂಡ ನಮ್ಮದೇ. ಹೆಸರು ಕೊಟ್ಟಿರುವ ಮೊದಲನೇ ಸೆಮ್‌ನವರು 118 ಜನ, ನಾವು 26. ಅರಸೀಕೆರೆ, ಹೊಳೆನರಸೀಪುರ, ಸಕಲೇಶಪುರ ಕಡೆಯಿಂದ ಬಸ್ಸಲ್ಲಿ ಬರುವವರು ತುಂಬಾ ಇದ್ದಾರೆ. ಹಾಗಾಗಿ 4 ಗಂಟೆ ಅಂದರೆ 4 ಗಂಟೆಗೇ ಮುಗಿಯಬೇಕು.

ಸಂಜೆ ಹೊರಡುವಾಗ ಪ್ರತಿಯೊಬ್ಬರ ಹತ್ತಿರ ನಾಲ್ಕು ಇರಬೇಕು: ಸಿ ಕಂಪೈಲರ್, ಪೈಥಾನ್, ವಿಎಸ್ ಕೋಡ್, ಗಿಟ್. ಇಷ್ಟೇ. ಜಾವಾ, ಆಂಡ್ರಾಯ್ಡ್ ಸ್ಟುಡಿಯೋ, ಡಾಕರ್ ಯಾವುದೂ ಬೇಡ. ಯಾರಾದರೂ ಕೇಳಿದರೆ ಇನ್ನೊಂದು ದಿನ ಕೂತು ಮಾಡೋಣ ಅನ್ನಿ. ಲಿನಕ್ಸ್ ಡ್ಯುಯಲ್ ಬೂಟ್ ಅಂತೂ ಖಂಡಿತ ಬೇಡ. ಡಿಸ್ಕ್ ಪಾರ್ಟಿಷನ್ ಮುಟ್ಟಲು ಹೋಗಿ ಬಿಟ್‌ಲಾಕರ್ ಕೀ ಕೇಳಿದರೆ, ಆ ಹುಡುಗನ ಅಣ್ಣನ ಲ್ಯಾಪ್‌ಟಾಪ್ ಅವತ್ತು ಸಂಜೆ ತೆರೆಯುವುದೇ ಇಲ್ಲ.

ಕೀಬೋರ್ಡ್ ಅವರದ್ದು

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು. ಜೂನಿಯರ್‌ಗಳ ಕೀಬೋರ್ಡ್, ಮೌಸ್ ನಾವು ಮುಟ್ಟುವುದಿಲ್ಲ. ನೀವು ಮಾಡಿದರೆ ಎರಡು ನಿಮಿಷ, ಅವರು ಮಾಡಿದರೆ ಹನ್ನೆರಡು ನಿಮಿಷ, ಗೊತ್ತು. ಆ ಹನ್ನೆರಡು ನಿಮಿಷಕ್ಕೋಸ್ಕರವೇ ಇಡೀ ದಿನ ಇಟ್ಟುಕೊಂಡಿದ್ದೇವೆ. ನಾಳೆ ವಿಂಡೋಸ್ ರೀಸೆಟ್ ಆದರೆ, ಹೊಸ ಲ್ಯಾಪ್‌ಟಾಪ್ ಬಂದರೆ, ಅವರೇ ಮತ್ತೆ ಹಾಕಿಕೊಳ್ಳಬೇಕು ಅಲ್ವಾ? ನಾವು ಪಟಪಟ ಕ್ಲಿಕ್ ಮಾಡಿ ಕೊಟ್ಟುಬಿಟ್ಟರೆ ಅವರಿಗೆ ಉಳಿಯುವುದು ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಒಂದು ಐಕಾನ್ ಮಾತ್ರ.

ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿ, ಬೆರಳಲ್ಲಿ ತೋರಿಸಿ. ಕನ್ನಡದಲ್ಲೇ ಹೇಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಎರರ್ ಮೆಸೇಜ್ ಬಂದಾಗ ಅದನ್ನು ಓದದೆ ಸುಮ್ನೆ ಕ್ಲೋಸ್ ಮಾಡುವುದು ಅವರಲ್ಲಿ ಹಲವರ ಅಭ್ಯಾಸ. ಇಂಗ್ಲಿಷ್ ಅಂದರೆ ಹೆದರಿಕೆ, ಅದಕ್ಕೆ. ಅವರ ಕೈಲೇ ಗಟ್ಟಿಯಾಗಿ ಓದಿಸಿ, ಆಮೇಲೆ ಅದು ಏನು ಹೇಳುತ್ತಿದೆ ಅಂತ ಇಬ್ಬರೂ ಸೇರಿ ಬಿಡಿಸಿ. "ಇಷ್ಟೂ ಗೊತ್ತಿಲ್ವಾ" ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ಸರ್, ಮೇಡಂ ಅಂತ ಕರೆಸಿಕೊಳ್ಳುವುದೂ ಬೇಡ. ಅಣ್ಣ, ಅಕ್ಕ ಅಂದರೆ ಸಾಕು.

ಲ್ಯಾಪ್‌ಟಾಪ್ ಅವರ ಮನೆಯದು. ಜಾಗ ಸಾಲದಿದ್ದರೆ ಯಾವ ಫೈಲ್ ಅಳಿಸಬೇಕು ಅಂತ ಅವರೇ ನೋಡಿಕೊಳ್ಳಲಿ, ಆಗ ನೀವು ಸ್ಕ್ರೀನ್ ಕಡೆ ನೋಡಬೇಡಿ. ಪಾಸ್‌ವರ್ಡ್ ಟೈಪ್ ಮಾಡುವಾಗಲೂ ಅಷ್ಟೇ. ಸಹಾಯದ ನೆಪದಲ್ಲಿ ಯಾರ ಫೋನ್ ನಂಬರನ್ನೂ ಕೇಳುವಂತಿಲ್ಲ.

ಹಿಂದಿನ ದಿನದ ಕೆಲಸ

ಒಬ್ಬರಿಗೆ ಬೇಕಾದ ಫೈಲೆಲ್ಲ ಸೇರಿದರೆ 400 ಎಂಬಿ ಆಸುಪಾಸು. 118 ಜನ ಒಟ್ಟಿಗೆ ಡೌನ್‌ಲೋಡ್‌ಗೆ ಕೂತರೆ 45 ಜಿಬಿ ದಾಟುತ್ತದೆ, ಮಧ್ಯಾಹ್ನದವರೆಗೂ ಎಲ್ಲರೂ ಪ್ರೋಗ್ರೆಸ್ ಬಾರ್ ನೋಡುತ್ತಾ ಕೂರಬೇಕಾಗುತ್ತದೆ. ಅದಕ್ಕೆ ಎಲ್ಲ ಫೈಲುಗಳನ್ನೂ ಶುಕ್ರವಾರವೇ ಇಳಿಸಿ ಎರಡು ಲ್ಯಾಬಲ್ಲೂ ಒಂದೊಂದು ಮೆಷಿನ್‌ನಲ್ಲಿ ಇಡುತ್ತೇವೆ. ಅಧಿಕೃತ ಸೈಟುಗಳಿಂದ ಮಾತ್ರ. ಯಾರದೋ ಡ್ರೈವ್‌ನಲ್ಲಿರುವ ಹಳೆ ಸೆಟಪ್ ಬೇಡ. ಆ ಫೋಲ್ಡರಿನೊಳಗೆ ಹೋಗಿ ಈ ಒಂದು ಸಾಲು ಕೊಟ್ಟರೆ ಸಾಕು:

```
python -m http.server 8000
```

ಜೂನಿಯರ್‌ಗಳು ಬ್ರೌಸರಿನಲ್ಲಿ ಆ ಮೆಷಿನ್‌ನ ಐಪಿ ಅಡ್ರೆಸ್ ಮತ್ತು `:8000` ಹಾಕಿದರೆ ಫೈಲುಗಳ ಪಟ್ಟಿ ಬರುತ್ತದೆ. ಐಪಿಯನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ. ಮೊದಲ ಸಲ ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳುತ್ತದೆ, ಅದಕ್ಕೆ ಒಪ್ಪಿಗೆ ಕೊಡದಿದ್ದರೆ ಬೇರೆಯವರಿಗೆ ಪೇಜ್ ತೆರೆಯುವುದಿಲ್ಲ. ವೈಫೈನಲ್ಲಿ ಒಂದು ಲ್ಯಾಪ್‌ಟಾಪ್‌ಗೆ ಇನ್ನೊಂದು ಕಾಣದಂತೆ ಸೆಟ್ಟಿಂಗ್ ಇರುವ ಸಾಧ್ಯತೆಯೂ ಇದೆ. ಇವೆರಡನ್ನೂ ಶುಕ್ರವಾರ ಸಂಜೆಯೇ ಎರಡು ಲ್ಯಾಪ್‌ಟಾಪ್ ಇಟ್ಟು ನೋಡಿಬಿಡೋಣ. ನಡೆಯದಿದ್ದರೆ ಮೇಜಿಗೊಂದು ಪೆನ್ ಡ್ರೈವ್, ಖಾಲಿ ಫಾರ್ಮ್ಯಾಟ್ ಮಾಡಿದ್ದು. ಪೆನ್ ಡ್ರೈವ್ ಕೈಯಿಂದ ಕೈಗೆ ಹೋದಷ್ಟೂ ವೈರಸ್ ಭಯ ಜಾಸ್ತಿ, ಅದಕ್ಕೇ ಅದು ಎರಡನೇ ದಾರಿ.

ಪೈಥಾನ್ ಎಲ್ಲರಿಗೂ 3.13, 64 ಬಿಟ್. 3.14 ಇದೇ ತಿಂಗಳು ಬರಲಿದೆ, ಬಂದರೂ ಅವತ್ತು ಬೇಡ. ನಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಪ್ಯಾಕೇಜುಗಳನ್ನು ನಾವು 3.13ಕ್ಕೆ ಅಂತಲೇ ಇಳಿಸಿಟ್ಟಿರುತ್ತೇವೆ, ವರ್ಷನ್ ಬೇರೆಯಾದರೆ ಅವು ಕೂರುವುದಿಲ್ಲ. ವಿಂಡೋಸ್‌ಗೆ ಸಿ ಕಂಪೈಲರ್ ಆಗಿ ವಿನ್‌ಲಿಬ್ಸ್‌ನ ಜಿಸಿಸಿ ಜಿಪ್ ಬಳಸೋಣ. ಎಂಸಿಸ್2 ಕೂಡ ಒಳ್ಳೆಯದೇ, ಆದರೆ ಅದು ಒಳಗಿನ ಪ್ಯಾಕೇಜುಗಳನ್ನು ಮತ್ತೆ ನೆಟ್‌ನಿಂದ ಎಳೆಯುತ್ತದೆ. ವಿಎಸ್ ಕೋಡ್‌ನ ಸಿ ಮತ್ತು ಪೈಥಾನ್ ಎಕ್ಸ್‌ಟೆನ್ಷನ್‌ಗಳ `.vsix` ಫೈಲುಗಳೂ ಅದೇ ಫೋಲ್ಡರಿನಲ್ಲಿ ಇರಲಿ.

ಮ್ಯಾಕ್ ಇರುವವರು ಕೆಲವರೇ. ಅವರು ಶುಕ್ರವಾರ ರಾತ್ರಿಯೇ `xcode-select --install` ಕೊಟ್ಟು ಮಲಗಲಿ ಅಂತ ಇವತ್ತೇ ತಿಳಿಸಿ, ಅದು ದೊಡ್ಡ ಡೌನ್‌ಲೋಡ್. ಉಬುಂಟು ಇರುವವರಿಗೆ ಕಂಪೈಲರ್ ಮತ್ತು ಗಿಟ್‌ಗೆ `sudo apt install build-essential git` ಸಾಕು.

ಎಕ್ಸ್‌ಟೆನ್ಷನ್ ಬೋರ್ಡ್ ಮರೆಯಬೇಡಿ. ಚಾರ್ಜರ್ ತೆಗೆದರೆ ಆಫ್ ಆಗುವ ಹಳೆ ಲ್ಯಾಪ್‌ಟಾಪ್‌ಗಳು ಬಂದೇ ಬರುತ್ತವೆ. ಅವರನ್ನು ಲ್ಯಾಬಿನ ಯುಪಿಎಸ್ ಪಾಯಿಂಟ್ ಇರುವ ಸಾಲಿನಲ್ಲಿ ಕೂರಿಸಿ.

ದಿನ ಹೇಗೆ ಸಾಗಬೇಕು

9:30ಕ್ಕೆ ಬಾಗಿಲಲ್ಲಿ ಇಬ್ಬರು. ಹೆಸರು, ವಿಂಡೋಸೋ ಬೇರೆಯೋ, ಖಾಲಿ ಜಾಗ ಎಷ್ಟು ಅಂತ ಕೇಳಿ ಮೇಜು ಹಂಚುವುದು. ಐದು ಜಿಬಿ ಖಾಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಆರು ಜನಕ್ಕೊಂದು ಮೇಜು, ಮೇಜಿಗೊಬ್ಬ ಸೀನಿಯರ್. 20 ಮೇಜಿಗೆ 20 ಜನ, ಬಾಗಿಲಿನ ಇಬ್ಬರು ಆಮೇಲೆ ಊಟ, ಟೀ ನೋಡಿಕೊಳ್ಳುತ್ತಾರೆ. ಉಳಿದ ನಾಲ್ವರು ಲ್ಯಾಬ್ 2ರ ಕೊನೆ ಬೆಂಚಿನಲ್ಲಿ ರಿಪೇರಿಗೆ.

ಹೆಸರು ಕೊಟ್ಟವರಲ್ಲಿ 21 ಜನಕ್ಕೆ ಲ್ಯಾಪ್‌ಟಾಪ್ ಇಲ್ಲ. ಅವರು ಬೇರೆಯವರ ಹೆಗಲ ಮೇಲಿಂದ ಇಣುಕುತ್ತಾ ನಿಲ್ಲಬಾರದು. ಲ್ಯಾಬ್ 1ರ ಮೆಷಿನ್‌ಗಳಲ್ಲಿ ಅವರಿಗೆ ಒಂದೊಂದು ಅಕೌಂಟ್ ಮಾಡಿಕೊಡಲು ಲ್ಯಾಬ್ ಇನ್‌ಚಾರ್ಜ್ ಸರ್ ಒಪ್ಪಿದ್ದಾರೆ. ಅವರೂ ಮೊದಲಿಂದ ಕೊನೆವರೆಗೆ ತಮ್ಮ ಕೈಯಾರೆ ಇನ್‌ಸ್ಟಾಲ್ ಮಾಡುತ್ತಾರೆ, ಮತ್ತು ಆ ಮೆಷಿನ್‌ಗಳು ಈ ಸೆಮ್ ಪೂರ್ತಿ ಸಂಜೆ 6ರವರೆಗೆ ಅವರಿಗೆ ಸಿಗುತ್ತವೆ.

10ರಿಂದ ಕಂಪೈಲರ್. ಹೆಚ್ಚು ಹೊತ್ತು ಹಿಡಿಯುವುದು ಇದೇ, ಅದಕ್ಕೆ ಎಲ್ಲರ ತಲೆ ಚುರುಕಾಗಿರುವಾಗ ಮುಗಿಸಿಬಿಡೋಣ. ಜಿಪ್ ಬಿಚ್ಚುವಾಗ ಜಾಗ ಅಂತ `C:\` ಅಷ್ಟೇ ಟೈಪ್ ಮಾಡಿಸಿ. ಇಲ್ಲದಿದ್ದರೆ ಫೋಲ್ಡರಿನೊಳಗೆ ಫೋಲ್ಡರ್ ಆಗಿ `C:\mingw64\mingw64\bin` ಆಗುತ್ತದೆ, ನಾವು ಹೇಳಿದ ಪಾತ್ ಕೆಲಸ ಮಾಡುವುದಿಲ್ಲ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ `env` ಅಂತ ಹುಡುಕಿ, Edit environment variables for your account ತೆರೆದು, ಮೇಲಿನ ಪಟ್ಟಿಯ Path ಆರಿಸಿ, Edit ಒತ್ತಿ, ಆಮೇಲೆ New ಒತ್ತಿ `C:\mingw64\bin` ಸೇರಿಸಬೇಕು.

ಇಲ್ಲಿ ಒಂದು ಐದು ನಿಮಿಷ ನಿಲ್ಲಿ. ಪಾತ್ ಅಂದರೆ ಏನು ಅಂತ ಹೇಳದೆ ಮುಂದೆ ಹೋಗಬೇಡಿ. `gcc` ಅಂತ ಟೈಪ್ ಮಾಡಿದಾಗ ವಿಂಡೋಸ್ ಇಡೀ ಡಿಸ್ಕ್ ಹುಡುಕುವುದಿಲ್ಲ, ಈ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಮಾತ್ರ ಒಂದಾದ ಮೇಲೊಂದು ನೋಡುತ್ತದೆ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಇದೊಂದು ಅರ್ಥವಾದರೆ ಮುಂದಿನ ನಾಲ್ಕು ವರ್ಷದಲ್ಲಿ ಬರುವ ಎಷ್ಟೋ ತಲೆನೋವನ್ನು ಅವರೇ ಬಿಡಿಸಿಕೊಳ್ಳುತ್ತಾರೆ. ಪಾತ್ ಬದಲಿಸಿದ ಮೇಲೆ ಟರ್ಮಿನಲ್ ಮುಚ್ಚಿ ಹೊಸದು ತೆರೆಯಬೇಕು. ವಿಎಸ್ ಕೋಡ್ ತೆರೆದಿದ್ದರೆ ಅದನ್ನೂ ಪೂರ್ತಿ ಮುಚ್ಚಿಸಿ. ತೆರೆದಿರುವ ಕಿಟಕಿಗೆ ಹಳೆ ಪಟ್ಟಿಯೇ ಗೊತ್ತಿರುತ್ತದೆ.

ಕೆಲವರ ಹತ್ತಿರ ಕೋಡ್‌ಬ್ಲಾಕ್ಸ್ ಅಥವಾ ಡೆವ್ ಸಿ++ ಜೊತೆ ಬಂದ ಹಳೆ ಜಿಸಿಸಿ ಇರಬಹುದು. `where.exe gcc` ಕೊಟ್ಟರೆ ಯಾವ ಯಾವ ಜಾಗದಲ್ಲಿದೆ ಅಂತ ಸಾಲಾಗಿ ತೋರಿಸುತ್ತದೆ. ಪವರ್‌ಶೆಲ್‌ನಲ್ಲಿ `.exe` ಸೇರಿಸಲೇಬೇಕು, ಬರೀ `where` ಅಂದರೆ ಅಲ್ಲಿ ಬೇರೆ ಕಮಾಂಡ್. ಟರ್ಬೊ ಸಿ ಇದ್ದರೆ ಇರಲಿ, ತೆಗೆಸಬೇಡಿ. ಅದರ `clrscr()` ಇಲ್ಲಿ ನಡೆಯುವುದಿಲ್ಲ ಅಂತ ಮಾತ್ರ ಹೇಳಿ.

11:30ಕ್ಕೆ ಟೀ. 11:45ರಿಂದ ಪೈಥಾನ್, ಇದು ಬೇಗ ಆಗುತ್ತದೆ. ಇನ್‌ಸ್ಟಾಲರಿನ ಮೊದಲ ಪರದೆಯ ಕೆಳಗೆ Add python.exe to PATH ಅನ್ನುವ ಚೌಕ ಇದೆಯಲ್ಲ, ಅದಕ್ಕೆ ಟಿಕ್ ಹಾಕುವವರೆಗೂ ಯಾರೂ Install Now ಒತ್ತಬಾರದು. ಆರೂ ಜನರ ಪರದೆ ನೋಡಿದ ಮೇಲೆ ಒಟ್ಟಿಗೆ ಒತ್ತಿಸಿ. `python` ಅಂದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದರೆ ಆ ಟಿಕ್ ತಪ್ಪಿದೆ ಅಂತಲೇ ಅಂದುಕೊಳ್ಳಿ. ಇನ್‌ಸ್ಟಾಲರ್ ಮತ್ತೆ ಓಡಿಸಿ ಸರಿಮಾಡಿಸಿ.

ಊಟ 1 ಗಂಟೆಗೆ. ಕ್ಯಾಂಟೀನ್ ರಜೆ, ಹಾಗಾಗಿ 150 ಜನಕ್ಕೆ ಪಲಾವ್, ಮೊಸರನ್ನ ಹೊರಗಿಂದ ಬರುತ್ತದೆ, ಖರ್ಚು ವಿಭಾಗದ ಸಂಘದ್ದು. ಜೂನಿಯರ್‌ಗಳು ತಿಂದ ಮೇಲೆ ನಾವು. ಲ್ಯಾಬಿನೊಳಗೆ ತಟ್ಟೆ ತರುವಂತಿಲ್ಲ.

1:45ರಿಂದ ವಿಎಸ್ ಕೋಡ್, ಗಿಟ್. ವಿಎಸ್ ಕೋಡ್‌ನ ಯೂಸರ್ ಇನ್‌ಸ್ಟಾಲರ್‌ಗೆ ಅಡ್ಮಿನ್ ಪಾಸ್‌ವರ್ಡ್ ಬೇಡ, ಅದನ್ನೇ ಇಟ್ಟಿದ್ದೇವೆ. ಗಿಟ್‌ನಲ್ಲಿ ಹೆಸರು, ಇಮೇಲ್ ಹಾಕಿಸಿ, ಒಂದು ಕಮಿಟ್ ಮಾಡಿಸಿ, ಅಲ್ಲಿಗೆ ನಿಲ್ಲಿಸಿ. ಬ್ರಾಂಚು, ಮರ್ಜು ಅಂತ ಶುರು ಮಾಡಬೇಡಿ.

2:45ಕ್ಕೆ ಪರೀಕ್ಷೆ. `gcc --version` ಬಂದರೆ ಆಯ್ತು ಅಂತ ಬಿಡಬೇಡಿ. ಪ್ರತಿಯೊಬ್ಬರೂ ಇದನ್ನು ನೋಡಿಕೊಂಡು ಟೈಪ್ ಮಾಡಿ, `koodu.c` ಅಂತ ಉಳಿಸಿ, ಓಡಿಸಬೇಕು, ಮ್ಯಾಕ್, ಉಬುಂಟು ಇರುವವರಿಗೆ ಕೊನೆಯ ಸಾಲು `./koodu`:

```c
#include <stdio.h>

int main(void) {
    int a, b;
    scanf("%d %d", &a, &b);
    printf("%d\n", a + b);
    return 0;
}
```

```
gcc koodu.c -o koodu
.\koodu
```

`scanf` ಬೇಕಂತಲೇ ಇಟ್ಟಿದ್ದೇವೆ. ಕೋಡ್ ರನ್ನರ್ ಎಕ್ಸ್‌ಟೆನ್ಷನ್ ಹಾಕಿಕೊಂಡವರ ಪ್ರೋಗ್ರಾಂ ಔಟ್‌ಪುಟ್ ಕಿಟಕಿಯಲ್ಲಿ ಓಡುತ್ತದೆ, ಅಲ್ಲಿ ಏನೂ ಟೈಪ್ ಮಾಡಲು ಆಗುವುದಿಲ್ಲ. ಪಾಪ, ಕಂಪೈಲರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಟರ್ಮಿನಲ್‌ನಲ್ಲಿ ಓಡಿಸುವುದೇ ಅಭ್ಯಾಸವಾಗಲಿ. ಫೈಲ್ ಇದ್ದೂ ಸಿಗುತ್ತಿಲ್ಲ ಅಂತ ಬಂದರೆ ಹೆಸರು `koodu.c.txt` ಆಗಿದೆಯಾ ನೋಡಿ, ನೋಟ್‌ಪ್ಯಾಡ್‌ನಲ್ಲಿ ಉಳಿಸಿದವರಿಗೆ ಹಾಗಾಗುತ್ತದೆ.

ಸಿಕ್ಕಿಹಾಕಿಕೊಂಡರೆ

ಪ್ರತಿಯೊಬ್ಬರಿಗೂ ಒಂದು ಕೆಂಪು ಚೀಟಿ. ತೊಂದರೆ ಬಂದರೆ ಅದನ್ನು ಸ್ಕ್ರೀನ್ ಮೇಲೆ ಅಂಟಿಸುತ್ತಾರೆ. ಕೈ ಎತ್ತಲು ನಾಚಿಕೊಳ್ಳುವವರೂ ಚೀಟಿ ಅಂಟಿಸುತ್ತಾರೆ. ಹದಿನೈದು ನಿಮಿಷದಲ್ಲಿ ಬಗೆಹರಿಯದಿದ್ದರೆ ಆ ಲ್ಯಾಪ್‌ಟಾಪ್ ಮತ್ತು ಅದರ ಒಡೆಯ ಇಬ್ಬರೂ ರಿಪೇರಿ ಬೆಂಚಿಗೆ. ಒಬ್ಬರಿಗೋಸ್ಕರ ಐದು ಜನ ಕಾಯಬಾರದು.

ವಿಂಡೋಸ್ ಎಸ್ ಮೋಡ್‌ನಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರ್ ಆ್ಯಪ್ ಬಿಟ್ಟು ಬೇರೇನೂ ಓಡುವುದಿಲ್ಲ. ಅದರಿಂದ ಹೊರಬಂದರೆ ವಾಪಸ್ ಹೋಗಲು ಆಗುವುದಿಲ್ಲ, ಆದ್ದರಿಂದ ಮನೆಯವರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಮಾಡಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ಅದರ ಬಗ್ಗೆ ಖಂಡಿತ ಕೇಳುತ್ತಾರೆ. ನಮ್ಮ ನಾಲ್ಕೂ ಸಾಮಾನು ಅದರಲ್ಲಿ ನಡೆಯುತ್ತವೆ ಅಂತ ಹೇಳಿ, ಅಲ್ಲೇ ಕೂತು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾತ್ರ ಶುರು ಮಾಡಿಸಬೇಡಿ. ಆಂಟಿವೈರಸ್ `koodu.exe` ತಡೆದರೆ ಅವರು ಬರೆದ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಿಸಿ, ಪೂರ್ತಿ ಆಫ್ ಬೇಡ.

3:30ಕ್ಕೆ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ: ಯಾವ ಫೈಲ್ ಹಾಕಿದೆ, ಎಲ್ಲಿ ಹಾಕಿದೆ, ಪಾತ್‌ಗೆ ಏನು ಸೇರಿಸಿದೆ, ಯಾವ ಎರರ್ ಬಂತು, ಹೇಗೆ ಹೋಯಿತು. ಅವರದೇ ಮಾತಿನಲ್ಲಿ. ನಾವು ಪ್ರಿಂಟ್ ಕೊಟ್ಟರೆ ಬ್ಯಾಗಿನಲ್ಲಿ ಮಡಚಿ ಇಡುತ್ತಾರೆ ಅಷ್ಟೇ.

ಮುಗಿಯದವರ ಹೆಸರನ್ನು ಮೇಜಿನ ಸೀನಿಯರ್ ಬರೆದಿಟ್ಟುಕೊಳ್ಳಬೇಕು, ಜೊತೆಗೆ ಎಲ್ಲಿ ನಿಂತಿತು ಅನ್ನುವುದನ್ನೂ. 13ರಿಂದ 15ರವರೆಗೆ ಸಂಜೆ 4:30ಕ್ಕೆ ರಿಪೇರಿ ಬೆಂಚಿನ ನಾಲ್ವರು ಲ್ಯಾಬ್ 2ರಲ್ಲೇ ಇರುತ್ತಾರೆ. ಪಟ್ಟಿಯಲ್ಲಿರುವವರು ಬರದಿದ್ದರೆ ಅವರ ಕ್ಲಾಸಿಗೇ ಹೋಗಿ ಕರೆಯಿರಿ.

ಶುಕ್ರವಾರ 10ನೇ ತಾರೀಕು ಸಂಜೆ 4:30ಕ್ಕೆ 26 ಜನವೂ ಲ್ಯಾಬ್ 2ಕ್ಕೆ ಬನ್ನಿ. ಸರ್ವರ್ ಟೆಸ್ಟ್, ಮೇಜು ಜೋಡಣೆ, ಬೋರ್ಡ್ ಬರಹ ಎಲ್ಲ ಅವತ್ತೇ. ವಿಂಡೋಸ್‌ನಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿಕೊಂಡು ನಾಲ್ಕನ್ನೂ ಮೊದಲಿಂದ ಒಂದು ಸಲ ಹಾಕಿ ನೋಡಿಕೊಂಡು ಬನ್ನಿ. ಮನೆಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಹೆಸರು ಬರೆದು ತನ್ನಿ, ಸದ್ಯಕ್ಕೆ ಹನ್ನೊಂದು ಇವೆ, ಇನ್ನೂ ಒಂಬತ್ತು ಬೇಕು.