ವಿನೆಗರ್ – NaOH ಟೈಟ್ರೇಶನ್: ಕರ್ವ್ ನೋಡಿ ಸೂಚಕ ಆರಿಸಿದ್ದು, ಅದಕ್ಕೆ ಕಾರಣ

ಬಿ.ಎಸ್ಸಿ. ಕೆಮಿಸ್ಟ್ರಿ ಪ್ರಾಕ್ಟಿಕಲ್ ರೆಕಾರ್ಡ್, ಬೆಂಗಳೂರು
ಪ್ರಶ್ನೆ: ನಿಮ್ಮ pH ಕರ್ವ್ ಆಧಾರದ ಮೇಲೆ ಈ ಟೈಟ್ರೇಶನ್‌ಗೆ ಸರಿಯಾದ ಸೂಚಕವನ್ನು ಆರಿಸಿ. ಆಯ್ಕೆಗೆ ಕಾರಣ ಬರೆಯಿರಿ.

ಆಯ್ಕೆ: ಫಿನಾಫ್ತಲೀನ್.

ಮಲ್ಲೇಶ್ವರದ ಅಂಗಡಿಯೊಂದರಿಂದ ತಂದ ಬಿಳಿ ವಿನೆಗರ್ ಅನ್ನು ಹತ್ತು ಪಟ್ಟು ತೆಳು ಮಾಡಿಕೊಂಡೆವು. ಗೋಬಿ ಮಂಚೂರಿ ಗಾಡಿಗಳಲ್ಲಿ ಕಾಣುತ್ತಲ್ಲ, ಅದೇ ತರಹದ್ದು. ಬಣ್ಣ ಇಲ್ಲದ್ದೇ ಬೇಕಿತ್ತು. ಕಂದು ವಿನೆಗರ್ ಆದರೆ ಪಿಎಚ್ ಮೀಟರ್‌ಗೆ ಏನೂ ತೊಂದರೆ ಇಲ್ಲ, ಆದರೆ ಸೂಚಕದ ತಿಳಿ ಬಣ್ಣ ಕಣ್ಣಿಗೆ ಕಾಣುವುದಿಲ್ಲ. ತೆಳು ಮಾಡಿದ ದ್ರಾವಣದಿಂದ 25.0 ಮಿ.ಲೀ. ಪಿಪೆಟ್ ಮಾಡಿ ಬೀಕರ್‌ಗೆ ಹಾಕಿ, ಬ್ಯೂರೆಟ್‌ನಿಂದ 0.100 M NaOH ಬಿಟ್ಟೆವು. ಮುಖ್ಯ ರೀಡಿಂಗ್‌ಗಳು ಇವು:

| NaOH (ಮಿ.ಲೀ.) | pH |
|---|---|
| 0.0 | 2.95 |
| 5.0 | 4.27 |
| 9.8 | 4.74 |
| 15.0 | 5.26 |
| 18.0 | 5.80 |
| 19.0 | 6.24 |
| 19.5 | 7.06 |
| 19.6 | 8.66 |
| 19.7 | 10.31 |
| 20.0 | 10.93 |
| 25.0 | 12.01 |

ಗ್ರಾಫ್ ಎಳೆದರೆ 5ರಿಂದ 18 ಮಿ.ಲೀ.ವರೆಗೆ ಗೆರೆ ಹೆಚ್ಚುಕಮ್ಮಿ ಮಲಗಿಕೊಂಡೇ ಇದೆ. 13 ಮಿ.ಲೀ. NaOH ಹೋದರೂ pH ಒಂದೂವರೆಯಷ್ಟೇ ಏರಿದೆ. ಆ ಹೊತ್ತಿಗೆ ಬೀಕರ್‌ನಲ್ಲಿ ಅಸಿಟಿಕ್ ಆಮ್ಲವೂ ಇದೆ, ಅದರಿಂದ ಹುಟ್ಟಿದ ಅಸಿಟೇಟೂ ಇದೆ. ಅಂದರೆ ಅದು ಬಫರ್. ಆಮೇಲೆ 19.5 ದಾಟಿದ ಕೂಡಲೇ ಗೆರೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. 19.5ರಿಂದ 19.6ಕ್ಕೆ pH 1.60 ಏರಿದೆ, 19.6ರಿಂದ 19.7ಕ್ಕೆ 1.65. ಎರಡೂ ಬದಿಯ ಏರಿಕೆ ಹತ್ತಿರಹತ್ತಿರ ಸಮ ಇರುವುದರಿಂದ ಈಕ್ವಿವಲೆನ್ಸ್ ಪಾಯಿಂಟ್ ಅನ್ನು 19.6 ಮಿ.ಲೀ. ಎಂದು ತೆಗೆದುಕೊಂಡೆವು. ಅಲ್ಲಿ pH ಸುಮಾರು 8.7. ಅದರ ಅರ್ಧ, 9.8 ಮಿ.ಲೀ.ನಲ್ಲಿ, pH 4.74 ಬಂದಿದೆ. ಅಸಿಟಿಕ್ ಆಮ್ಲದ pKa 4.76. ಹಾಗಾಗಿ ಕರ್ವ್ ನಂಬಬಹುದು.

ಆಮ್ಲ, ಪ್ರತ್ಯಾಮ್ಲ ಎರಡೂ ಸರಿಯಾಗಿ ಮುಗಿದ ಮೇಲೆ pH 7 ಆಗಬೇಕಲ್ವಾ? ಇಲ್ಲಿ ಆಗುವುದಿಲ್ಲ. ಆ ಕ್ಷಣದಲ್ಲಿ ಬೀಕರ್‌ನಲ್ಲಿ ಉಳಿದಿರುವುದು ಸೋಡಿಯಂ ಅಸಿಟೇಟ್. ಅಸಿಟೇಟ್ ಅಯಾನು ನೀರಿನಿಂದ ಸ್ವಲ್ಪ H⁺ ಕಿತ್ತುಕೊಳ್ಳುತ್ತದೆ:

CH₃COO⁻ + H₂O ⇌ CH₃COOH + OH⁻

ಲೆಕ್ಕ ಹಾಕಿಯೂ ನೋಡಿದೆವು. 1.96 ಮಿಲಿಮೋಲ್ ಅಸಿಟೇಟ್ ಒಟ್ಟು 44.6 ಮಿ.ಲೀ.ನಲ್ಲಿದೆ, ಅಂದರೆ 0.044 M. Kb = 5.75 × 10⁻¹⁰. [OH⁻] = √(5.75 × 10⁻¹⁰ × 0.044) ≈ 5.0 × 10⁻⁶ M. pOH 5.30, pH 8.70. ಮೀಟರ್ ತೋರಿಸಿದ 8.66ಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಈಗ ಸೂಚಕಕ್ಕೆ ಬರೋಣ. ಸೂಚಕದ ಬಣ್ಣ ಒಂದೇ pHನಲ್ಲಿ ಪಟ್ಟನೆ ಬದಲಾಗುವುದಿಲ್ಲ, ಒಂದು ವ್ಯಾಪ್ತಿಯೊಳಗೆ ಬದಲಾಗುತ್ತದೆ. ಆ ವ್ಯಾಪ್ತಿ ಪೂರ್ತಿ ಕರ್ವ್‌ನ ನೆಟ್ಟಗಿನ ಭಾಗದಲ್ಲೇ ಬೀಳಬೇಕು. ನಮ್ಮ ಕರ್ವ್‌ನಲ್ಲಿ ಆ ಭಾಗ ಸುಮಾರು 7ರಿಂದ 10.3. ಫಿನಾಫ್ತಲೀನ್ ವ್ಯಾಪ್ತಿ 8.2ರಿಂದ 10.0. ಸರಿಯಾಗಿ ಒಳಗೆ ಕೂರುತ್ತದೆ, ಈಕ್ವಿವಲೆನ್ಸ್ pH ಆದ 8.7 ಕೂಡ ಅದರೊಳಗೇ ಇದೆ. ಇದನ್ನು ಮಿ.ಲೀ. ಲೆಕ್ಕದಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. pH 8.2 ಆಗುವುದು 19.59 ಮಿ.ಲೀ. ಹತ್ತಿರ, 10.0 ಆಗುವುದು 19.65 ಹತ್ತಿರ. ಬ್ಯೂರೆಟ್‌ನ ಒಂದು ಹನಿ ಸುಮಾರು 0.05 ಮಿ.ಲೀ. ಅಂದರೆ ಬಣ್ಣವಿಲ್ಲದ ದ್ರಾವಣ ಪೂರ್ತಿ ಗುಲಾಬಿ ಆಗುವುದಕ್ಕೆ ಹೆಚ್ಚುಕಮ್ಮಿ ಒಂದೇ ಹನಿ ಸಾಕು. ತಿಳಿ ಗುಲಾಬಿ ಕಂಡಾಗ ನಿಲ್ಲಿಸಿದರೂ, ಸ್ವಲ್ಪ ಗಾಢವಾದಾಗ ನಿಲ್ಲಿಸಿದರೂ ಒಂದು ಹನಿಗಿಂತ ಹೆಚ್ಚು ತಪ್ಪಾಗುವುದಿಲ್ಲ.

ಮೀಥೈಲ್ ಆರೆಂಜ್ ಯಾಕೆ ಬೇಡ? ಅದರ ವ್ಯಾಪ್ತಿ 3.1ರಿಂದ 4.4. HCl–NaOH ಟೈಟ್ರೇಶನ್‌ನಲ್ಲಿ ಅದು ನಡೆಯುತ್ತದೆ, ಅಲ್ಲಿ ಜಿಗಿತ ಸುಮಾರು pH 4ರಿಂದಲೇ ಶುರುವಾಗುತ್ತದೆ. ಇಲ್ಲಿ ಅದೇ ವ್ಯಾಪ್ತಿ ಬಫರ್ ಭಾಗದಲ್ಲಿ ಬೀಳುತ್ತದೆ. ಸುಮ್ನೆ ಹೇಳಿದರೆ ಸಾಲದು ಅಂತ ಒಂದು ಕೋನಿಕಲ್ ಫ್ಲಾಸ್ಕ್‌ನಲ್ಲಿ ಮಾಡಿಯೇ ನೋಡಿದೆವು. ಮೊದಲ ಕೆಲವು ಹನಿಗಳಿಂದಲೇ ಕೆಂಪು ಕರಗತೊಡಗಿತು. ಆಮೇಲೆ ಕಿತ್ತಳೆ, ಕಿತ್ತಳೆ, ಮತ್ತೂ ಕಿತ್ತಳೆ. 6 ಮಿ.ಲೀ. ಹೊತ್ತಿಗೆ ಪೂರ್ತಿ ಹಳದಿ. ಎಲ್ಲಿ ನಿಲ್ಲಿಸಬೇಕು ಎಂದು ನನಗೂ ಗೊತ್ತಾಗಲಿಲ್ಲ, ಜೊತೆಗಿದ್ದವಳಿಗೂ ಗೊತ್ತಾಗಲಿಲ್ಲ. ಒಂದು ವೇಳೆ ಹಳದಿ ಬಂದ 6 ಮಿ.ಲೀ.ಯನ್ನೇ ಎಂಡ್ ಪಾಯಿಂಟ್ ಎಂದುಕೊಂಡರೆ ಬಾಟಲಿಯ ವಿನೆಗರ್ ಬರೀ 1.4% ಎಂದು ಉತ್ತರ ಬರುತ್ತದೆ, ಇರುವುದರ ಮೂರನೇ ಒಂದು ಭಾಗವೂ ಅಲ್ಲ.

ಮೀಥೈಲ್ ರೆಡ್ (4.4–6.2) ಕೂಡ ಅದೇ ಕಥೆ. ಬಣ್ಣ 6 ಮಿ.ಲೀ.ಗೆ ಶುರುವಾಗಿ 18.9ಕ್ಕೆ ಮುಗಿಯುತ್ತದೆ.

ಸ್ವಲ್ಪ ಯೋಚಿಸಬೇಕಾದದ್ದು ಬ್ರೋಮೋಥೈಮಾಲ್ ಬ್ಲೂ (6.0–7.6) ವಿಷಯದಲ್ಲಿ. pH 7 ಅಂದರೆ ತಟಸ್ಥ, ಆದ್ದರಿಂದ ಇದೇ ಸರಿ ಎಂದು ಅನ್ನಿಸುವುದು ಸಹಜ. ಪೂರ್ತಿ ನೀಲಿ ಬರುವುದು 19.57 ಮಿ.ಲೀ. ಹತ್ತಿರ, ಅದು ಕೆಟ್ಟ ಉತ್ತರವೇನಲ್ಲ. ತೊಂದರೆ ಏನೆಂದರೆ ಹಳದಿ ಬಣ್ಣ 18.5ಕ್ಕೇ ಹಸಿರಿಗೆ ತಿರುಗತೊಡಗುತ್ತದೆ. ಒಂದು ಮಿ.ಲೀ.ಗೂ ಜಾಸ್ತಿ ಹೊತ್ತು ಹಸಿರಿನ ಬೇರೆ ಬೇರೆ ಛಾಯೆಗಳನ್ನೇ ನೋಡುತ್ತಾ ಕೂರಬೇಕು. pH 7ರ ಹಸಿರಿಗೆ ನಿಲ್ಲಿಸಿದರೆ 19.5ರ ಹತ್ತಿರ ನಿಲ್ಲುತ್ತೇವೆ, ಎರಡು ಹನಿ ಮೊದಲೇ. ಒಬ್ಬರ ಕಣ್ಣಿಗೆ ಹಸಿರಾದದ್ದು ಇನ್ನೊಬ್ಬರಿಗೆ ನೀಲಿ. ರೀಡಿಂಗ್‌ಗಳು ಒಂದಕ್ಕೊಂದು ಹೊಂದುವುದು ಕಷ್ಟ.

ಫಿನಾಫ್ತಲೀನ್ ಒಂದೇ ದಾರಿ ಎಂದು ಹೇಳುತ್ತಿಲ್ಲ. ಥೈಮಾಲ್ ಬ್ಲೂನ ಎರಡನೇ ಬದಲಾವಣೆ (8.0–9.6, ಹಳದಿಯಿಂದ ನೀಲಿ) ಕೂಡ ಇದೇ ಜಿಗಿತದೊಳಗೆ ಬೀಳುತ್ತದೆ, ಕರ್ವ್ ಮಟ್ಟಿಗೆ ಅದೂ ಸರಿ. ಆದರೂ ಬಣ್ಣವೇ ಇಲ್ಲದ ದ್ರಾವಣದಲ್ಲಿ ಗುಲಾಬಿ ಮೂಡುವುದನ್ನು ಗುರುತಿಸುವುದು ಸುಲಭ, ಅದರಲ್ಲೂ ಕೆಳಗೆ ಬಿಳಿ ಟೈಲ್ ಇಟ್ಟರೆ. ಇನ್ನೊಂದು ಕಾರಣವೂ ಇದೆ. ನಮ್ಮ NaOH ಅನ್ನು ಆಕ್ಸಾಲಿಕ್ ಆಮ್ಲದ ಜೊತೆ ಸ್ಟ್ಯಾಂಡರ್ಡೈಸ್ ಮಾಡಿದ್ದು ಫಿನಾಫ್ತಲೀನ್ ಹಾಕಿಯೇ. NaOH ಗಾಳಿಯ CO₂ ಹೀರಿಕೊಂಡು ಸ್ವಲ್ಪ ಕಾರ್ಬೊನೇಟ್ ಆಗಿರುತ್ತದೆ. ಎರಡೂ ಕಡೆ ಅದೇ ಸೂಚಕ ಇದ್ದರೆ ಆ ದೋಷ ಬಹುಮಟ್ಟಿಗೆ ಹೊಡೆದುಹೋಗುತ್ತದೆ.

CO₂ ಇನ್ನೊಂದು ಕಡೆಯೂ ಕಾಟ ಕೊಡುತ್ತದೆ. ತಿಳಿ ಗುಲಾಬಿ ಬಂದ ಮೇಲೆ ಫ್ಲಾಸ್ಕ್ ಅಲ್ಲಾಡಿಸುತ್ತಾ ಇದ್ದರೆ ಬಣ್ಣ ನಿಧಾನಕ್ಕೆ ಮಾಯವಾಗುತ್ತದೆ. ಅದಕ್ಕೇ 30 ಸೆಕೆಂಡ್ ನಿಂತ ಮೊದಲ ತಿಳಿ ಗುಲಾಬಿಯನ್ನು ಎಂಡ್ ಪಾಯಿಂಟ್ ಎಂದು ತೆಗೆದುಕೊಂಡೆವು. ಆಮೇಲೆ ಬಣ್ಣ ಹೋಯಿತೆಂದು ಮತ್ತೆ NaOH ಸೇರಿಸಲಿಲ್ಲ.

ಮೀಟರ್ ಬಿಟ್ಟು, ಎರಡು ಹನಿ ಫಿನಾಫ್ತಲೀನ್ ಹಾಕಿ ಮಾಡಿದ ರೀಡಿಂಗ್‌ಗಳು: 19.6, 19.7, 19.6 ಮಿ.ಲೀ. ಒಪ್ಪಿದ ಬೆಲೆ 19.6, ಕರ್ವ್ ಕೊಟ್ಟದ್ದೂ ಅದೇ. ತೆಳು ಮಾಡಿದ ದ್ರಾವಣ 0.0784 M, ಬಾಟಲಿಯ ವಿನೆಗರ್ 0.784 M, ಅಂದರೆ 100 ಮಿ.ಲೀ.ಗೆ 4.7 ಗ್ರಾಂ ಅಸಿಟಿಕ್ ಆಮ್ಲ.