4ನೇ ತರಗತಿ 'ಬಿ' ಪೋಷಕರಿಗೆ: ಜನವರಿ ಸರ್ಕ್ಯುಲರ್ ಚುಟುಕಾಗಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಮಕ್ಕಳ ಬ್ಯಾಗಿನಲ್ಲಿ ಬಂದ ಐದು ಪುಟದ ಸರ್ಕ್ಯುಲರ್‌ನಲ್ಲಿ ನಮ್ಮ ಕ್ಲಾಸಿಗೆ ಸಂಬಂಧಪಟ್ಟದ್ದು ಇಷ್ಟು. ಎಲ್ಲವೂ ಜನವರಿ 2026ರವು.

*10, ಶನಿವಾರ:* ಮೂರನೇ ಕಂತಿನ ಫೀಸ್ ಕಟ್ಟಲು ಕೊನೆ ದಿನ. ಆಮೇಲೆ ಕಟ್ಟಿದರೆ ₹500 ದಂಡ.

*12, ಸೋಮವಾರ:* ಬನ್ನೇರುಘಟ್ಟ ಟ್ರಿಪ್‌ನ ₹950 ಕಟ್ಟಲು, ಒಪ್ಪಿಗೆ ಚೀಟಿ ಕಳಿಸಲು ಕೊನೆ ದಿನ.

*14, ಬುಧವಾರ:* ಶಾಲೆಯಲ್ಲಿ ಸಂಕ್ರಾಂತಿ. ಹಬ್ಬದ ಬಟ್ಟೆ. ಏನೂ ತರುವುದು ಬೇಡ. ಮಧ್ಯಾಹ್ನ 12.30ಕ್ಕೆ ಬಿಡುತ್ತಾರೆ. ಮರುದಿನ 15, ಗುರುವಾರ ರಜೆ.

*21, ಬುಧವಾರ:* ಟ್ರಿಪ್. ಬೆಳಿಗ್ಗೆ 7.15ಕ್ಕೆ ಶಾಲೆಯಲ್ಲಿರಬೇಕು. ಯೂನಿಫಾರ್ಮ್, ಐಡಿ ಕಾರ್ಡ್, ಟೋಪಿ, ಸ್ವೆಟರ್, ಸ್ಟೀಲ್ ನೀರಿನ ಬಾಟಲಿ, ಡಬ್ಬಿಯಲ್ಲಿ ತಿಂಡಿ.

*24, ಶನಿವಾರ:* ಸ್ಪೋರ್ಟ್ಸ್ ಡೇ. ಬೆಳಿಗ್ಗೆ 7.30. ಹೌಸ್ ಟೀ ಶರ್ಟ್, ಬಿಳಿ ಶೂ. ಟೀ ಶರ್ಟ್ ಇಲ್ಲದವರಿಗೆ ಮಾತ್ರ ₹280.

*26, ಸೋಮವಾರ:* ಧ್ವಜಾರೋಹಣ, ಬೆಳಿಗ್ಗೆ 7.45. ಪೂರ್ತಿ ಯೂನಿಫಾರ್ಮ್. *ಅಂದು ಸ್ಕೂಲ್ ವ್ಯಾನ್ ಇಲ್ಲ.*

ಅವಸರದಲ್ಲಿರುವವರಿಗೆ ಇಷ್ಟು ಸಾಕು. ಮಕ್ಕಳನ್ನು ಬಿಡಲು ಬರುವ ಅಜ್ಜ ಅಜ್ಜಿಯರಿಗೂ ಇದನ್ನೇ ಕಳಿಸಿ. ಕೆಳಗಿರುವುದು ನಿನ್ನೆಯಿಂದ ಗ್ರೂಪ್‌ನಲ್ಲಿ ಬರುತ್ತಿರುವ ಪ್ರಶ್ನೆಗಳಿಗೆ. ಸಂಜೆ ಬಿಡುವಾದಾಗ ಓದಿದರೂ ನಡೆಯುತ್ತದೆ.

ಮೊದಲು ಟ್ರಿಪ್ ದಿನದ ಗೊಂದಲ. ಸರ್ಕ್ಯುಲರ್‌ನ ಎರಡನೇ ಪುಟದಲ್ಲಿ 20, ಮಂಗಳವಾರ ಅಂತ ಇದೆ. ನಾಲ್ಕನೇ ಪುಟದಲ್ಲಿ 21, ಬುಧವಾರ ಅಂತ ಇದೆ. ಬನ್ನೇರುಘಟ್ಟ ಪಾರ್ಕಿಗೆ ಮಂಗಳವಾರ ರಜೆ. ಹಾಗಾಗಿ 20 ಇರಲಿಕ್ಕಿಲ್ಲ ಅನ್ನಿಸಿತು. ಶನಿವಾರ ಆಫೀಸಿನಲ್ಲಿ ಕೇಳಿದೆ, 21, ಬುಧವಾರವೇ ಸರಿ ಅಂದರು. ಕ್ಲಾಸ್ ಟೀಚರ್ ಕೂಡ ಅದನ್ನೇ ಹೇಳಿದ್ದಾರೆ. ಸೋಮವಾರ ಡೈರಿಯಲ್ಲೂ ಬರೆಸುತ್ತಾರಂತೆ. ಫ್ರಿಜ್ ಮೇಲೆ ಆಗಲೇ ಎರಡನೇ ಪುಟ ಅಂಟಿಸಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

₹950 ಜಾಸ್ತಿ ಆಯ್ತಲ್ವಾ ಅಂತ ಕೆಲವರು ಕೇಳಿದ್ದೀರಿ. ಬಸ್ಸಿಗೆ 400. ಪ್ರವೇಶ, ಸಫಾರಿ ಮತ್ತು ಮಧ್ಯಾಹ್ನದ ಊಟಕ್ಕೆ 550. ಸಫಾರಿ ಬೇಡ, ಅಷ್ಟು ಕಡಿಮೆ ಮಾಡಿ ಅಂದರೆ ಆಗುವುದಿಲ್ಲ, ಇಡೀ ಕ್ಲಾಸ್ ಒಟ್ಟಿಗೇ ಹೋಗುತ್ತದೆ. ಹಣ ಕಟ್ಟಿದ ಮೇಲೆ ಮಗುವಿಗೆ ಹುಷಾರು ತಪ್ಪಿದರೆ 19, ಸೋಮವಾರದೊಳಗೆ ಟೀಚರ್‌ಗೆ ತಿಳಿಸಿ. ₹550 ವಾಪಸ್ ಕೊಡುತ್ತಾರೆ. ಬಸ್ಸಿನ ಹಣ ಬರುವುದಿಲ್ಲ. ಟ್ರಿಪ್ ಕಡ್ಡಾಯ ಅಲ್ಲ. ಹೋಗದ ಮಕ್ಕಳಿಗೆ ಅಂದು ಶಾಲೆ ಇದೆ, ಲೈಬ್ರರಿಯಲ್ಲಿ ಕೂರಿಸಿ ಏನಾದರೂ ಮಾಡಿಸುತ್ತಾರೆ. ಕಳಿಸದಿದ್ದರೂ ಒಪ್ಪಿಗೆ ಚೀಟಿಯಲ್ಲಿ 'ಇಲ್ಲ' ಅಂತ ಬರೆದು ವಾಪಸ್ ಕೊಡಿ. ಚೀಟಿ ಬಾರದಿದ್ದರೆ ಟೀಚರ್ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾ ಕೂರಬೇಕು, ಪಾಪ.

ಆ ಚೀಟಿ ಇರುವುದು ಕೊನೆ ಪುಟದ ಕೆಳಭಾಗದಲ್ಲಿ. ಕತ್ತರಿಸಿ ಕಳಿಸಿ, ಇಡೀ ಸರ್ಕ್ಯುಲರ್ ಕಳಿಸಬೇಡಿ. ಹಿಂಬದಿಯಲ್ಲಿ ಅಲರ್ಜಿ, ಔಷಧಿ ಬಗ್ಗೆ ಎರಡು ಸಾಲು ಜಾಗ ಇದೆ. ಅದನ್ನು ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಿರಿ. ಬಸ್ಸಿನಲ್ಲಿ ವಾಂತಿ ಆಗುವ ಮಕ್ಕಳಿದ್ದರೆ ಅಲ್ಲೇ ಬರೆಯಿರಿ, ಮುಂದಿನ ಸೀಟು ಕೊಡುತ್ತಾರೆ. ಮಾತ್ರೆ ಹಾಕಬೇಕಿದ್ದರೆ ಮನೆಯಲ್ಲೇ ಹಾಕಿ ಕಳಿಸಿ. ನಮ್ಮ ಪತ್ರ ಇಲ್ಲದೆ ಟೀಚರ್‌ಗಳು ಮಾತ್ರೆ ಕೊಡುವುದಿಲ್ಲ. ಅದು ಸರಿಯಾದ ನಿಯಮವೇ.

ತಿಂಡಿ ವಿಷಯ ಸ್ವಲ್ಪ ಗಮನಿಸಿ. ಚಿಪ್ಸ್, ಕುರ್ಕುರೆ ಪ್ಯಾಕೆಟ್ ಖಂಡಿತ ಬೇಡ. ಪಾರ್ಕಿನಲ್ಲಿ ಪ್ಲಾಸ್ಟಿಕ್‌ಗೆ ಅವಕಾಶ ಇಲ್ಲ. ಮೇಲಾಗಿ ಕೋತಿಗಳಿವೆ, ಪ್ಯಾಕೆಟ್ ಸದ್ದಿಗೆ ಎಲ್ಲಿದ್ದರೂ ಓಡಿ ಬರುತ್ತವೆ. ಚಪಾತಿ ರೋಲ್, ಇಡ್ಲಿ, ಹಣ್ಣು ಇಂಥದ್ದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಸಾಕು. ಇದು ಬರೀ ಹತ್ತು ಗಂಟೆ ತಿಂಡಿಗೆ, ಊಟ ಅಲ್ಲೇ ಇದೆ. ಹಾಗಂತ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕಳಿಸಬೇಡಿ. ಸ್ಕೂಲ್ ಬ್ಯಾಗ್ ಬೇಡ, ಎರಡೂ ಭುಜಕ್ಕೆ ಹಾಕುವ ಸಣ್ಣ ಬ್ಯಾಗ್ ಕೊಡಿ. ಮೊಬೈಲ್, ಸ್ಮಾರ್ಟ್ ವಾಚ್, ದುಡ್ಡು ಕೊಡಬಾರದು ಅಂತ ಸರ್ಕ್ಯುಲರ್‌ನಲ್ಲಿ ದಪ್ಪಕ್ಷರದಲ್ಲೇ ಇದೆ. ಐಸ್‌ಕ್ರೀಮ್‌ಗೆ ಅಂತ ಯಾರೂ ಗುಟ್ಟಾಗಿ ನೂರು ರೂಪಾಯಿ ಇಡಬೇಡಿ. ಒಬ್ಬರ ಹತ್ತಿರ ಇದ್ದರೆ ಉಳಿದವರ ಮುಖ ಸಣ್ಣದಾಗುತ್ತದೆ.

ಬಸ್ 7.30ಕ್ಕೆ ಸರಿಯಾಗಿ ಹೊರಡುತ್ತದೆ, ಕಾಯುವುದಿಲ್ಲ. ವಾಪಸ್ 4.30 ಅಂತ ಬರೆದಿದ್ದಾರೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ಗೊತ್ತೇ ಇದೆ, 5 ಗಂಟೆ ಅಂದುಕೊಂಡೇ ಪ್ಲಾನ್ ಮಾಡಿ. ಅಂದು ಸಂಜೆ ವ್ಯಾನ್ ಇರುವುದಿಲ್ಲ, ನಾವೇ ಹೋಗಿ ಕರೆತರಬೇಕು. ಬೇರೆ ಯಾರಾದರೂ ಬರುವುದಾದರೆ ಅವರ ಹೆಸರು ಚೀಟಿಯಲ್ಲೇ ಬರೆದಿರಲಿ. ಇಲ್ಲದಿದ್ದರೆ ಗೇಟಿನಲ್ಲಿ ಮಗುವನ್ನು ಬಿಡುವುದಿಲ್ಲ.

ಹಣ ಕಟ್ಟುವುದು ಹೇಗೆ? ಫೀಸ್, ಟ್ರಿಪ್, ಟೀ ಶರ್ಟ್ ಮೂರೂ ಶಾಲೆಯ ಆ್ಯಪ್‌ನಲ್ಲೇ, ಆದರೆ ಬೇರೆ ಬೇರೆಯಾಗಿ. ಒಟ್ಟು ಸೇರಿಸಿ ಹಾಕಬೇಡಿ, ಎಲ್ಲ ಫೀಸಿನ ಲೆಕ್ಕಕ್ಕೇ ಹೋಗುತ್ತದೆ. ಕಂತಿನ ಮೊತ್ತ ಎಲ್ಲರಿಗೂ ಒಂದೇ ಅಲ್ಲ, ವ್ಯಾನ್ ಇರುವವರಿಗೆ ಬೇರೆ, ಇಲ್ಲದವರಿಗೆ ಬೇರೆ. ಹಾಗಾಗಿ ಇಲ್ಲಿ ಹಾಕಿಲ್ಲ, ನಿಮ್ಮ ಮಗುವಿನ ಹೆಸರಿನ ಕೆಳಗೆ ಕಾಣುತ್ತದೆ. ಆ್ಯಪ್ ಕೈಕೊಟ್ಟರೆ ಆಫೀಸ್ ಕೌಂಟರ್‌ನಲ್ಲಿ ಬೆಳಿಗ್ಗೆ 9ರಿಂದ 12ರವರೆಗೆ ಯುಪಿಐ ಮಾಡಬಹುದು. ನಗದು ತೆಗೆದುಕೊಳ್ಳುವುದಿಲ್ಲ. ರಸೀದಿಯ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರವೇ ಇರಲಿ, ಗ್ರೂಪ್‌ಗೆ ಹಾಕಬೇಡಿ. ಈ ತಿಂಗಳು ಒಮ್ಮೆಗೇ ಕಟ್ಟುವುದು ಕಷ್ಟ ಅನ್ನುವವರು 10ರ ಒಳಗೇ ಆಫೀಸಿಗೆ ಒಂದು ಪತ್ರ ಕೊಡಿ, ಸಮಯ ಕೊಡುವ ಬಗ್ಗೆ ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇದೆ.

ಸಂಕ್ರಾಂತಿಗೆ ಎಳ್ಳು ಬೆಲ್ಲ ಶಾಲೆಯೇ ಕೊಡುತ್ತದೆ. ನಮ್ಮ ಕ್ಲಾಸಿನಲ್ಲಿ ಕಡಲೆಕಾಯಿ ಅಲರ್ಜಿ ಇರುವ ಮಗು ಇದೆ, ಅದಕ್ಕೇ ಕಡಲೆಕಾಯಿ ಬೀಜ ಹಾಕದೆ ಮಾಡಿಸುತ್ತಿದ್ದಾರೆ. ಮನೆಯಿಂದ ಪ್ಯಾಕೆಟ್ ಮಾಡಿ ಹಂಚಲು ಕಳಿಸಬೇಡಿ. ಹಬ್ಬದ ಬಟ್ಟೆ ಅಂದರೆ ಹೊಸದೇ ಆಗಬೇಕಿಲ್ಲ, ಮನೆಯಲ್ಲಿರುವ ಲಂಗ, ಜುಬ್ಬಾ ಯಾವುದಾದರೂ ಸರಿ. ಸುಮ್ನೆ ಖರ್ಚು ಬೇಡ. ಚಿನ್ನದ ಸರ, ಬಳೆ ಹಾಕಿ ಮಾತ್ರ ಕಳಿಸಬೇಡಿ.

ಸ್ಪೋರ್ಟ್ಸ್ ಡೇಗೆ ಪೋಷಕರು 9 ಗಂಟೆ ನಂತರ ಬರಬಹುದು. ಪಾರ್ಕಿಂಗ್ ಇಲ್ಲ. ಕಳೆದ ವರ್ಷದ ಟೀ ಶರ್ಟ್ ಚಿಕ್ಕದಾಗಿದ್ದರೆ ಗ್ರೂಪ್‌ನಲ್ಲಿ ಹೌಸ್ ಬಣ್ಣ, ಅಳತೆ ಹಾಕಿ. ಬದಲಾಯಿಸಿಕೊಳ್ಳುವವರು ಸಿಕ್ಕರೆ ₹280 ಉಳಿಯಿತು.

26ರಂದು ವ್ಯಾನ್ ಇಲ್ಲದ್ದಕ್ಕೆ ಒಂದೇ ಕಡೆಯ ನಾಲ್ಕೈದು ಮಕ್ಕಳು ಸೇರಿ ಆಟೋ ಅಥವಾ ಕಾರಿನಲ್ಲಿ ಬರಬಹುದು. ಯಾರ ಜೊತೆ ಯಾರು ಅಂತ 24ರೊಳಗೆ ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ.

ಬಸ್ ನಂಬರ್, ಯಾವ ಬಸ್ಸಿನಲ್ಲಿ ಯಾರು ಅನ್ನುವ ಪಟ್ಟಿ 19, ಸೋಮವಾರ ಸಂಜೆ ಬರುತ್ತದಂತೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಓದಿದವರು ಈ ಮೆಸೇಜಿಗೆ ಒಂದು ಥಂಬ್ಸ್ ಅಪ್ ಒತ್ತಿ ಸಾಕು, 'ಓಕೆ', 'ಥ್ಯಾಂಕ್ಸ್' ಬೇಡ. ಮೆಸೇಜ್ ಮೇಲೆ ಹೋಗಿಬಿಡುತ್ತದೆ.

ಪೋಷಕರ ಪ್ರತಿನಿಧಿ, 4 'ಬಿ'
ಭಾನುವಾರ, 4 ಜನವರಿ 2026