9ನೇ ತಾರೀಖಿನ ಲೋಡಿನಲ್ಲಿ 18 ಪೆಟ್ಟಿಗೆ ಕಡಿಮೆ ಬಂದಿರುವ ಬಗ್ಗೆ

ಮಾನ್ಯರೆ,

ಇದೇ ತಿಂಗಳ 9ನೇ ತಾರೀಖು ತಮ್ಮ ಗೋದಾಮಿನಿಂದ ನಮಗೆ ಬಂದ 200 ಪುಟದ ನೋಟ್‌ಬುಕ್ಕುಗಳ ಲೋಡಿಗೆ ತಾವು 240 ಪೆಟ್ಟಿಗೆಗಳ ಬಿಲ್ಲು ಕಳಿಸಿದ್ದೀರಿ. ನಮ್ಮಲ್ಲಿ ಇಳಿದದ್ದು 222 ಪೆಟ್ಟಿಗೆ ಮಾತ್ರ. ಅಂದು ಸಂಜೆ ಫೋನಿನಲ್ಲಿ ಈ ವಿಷಯ ತಿಳಿಸಿದಾಗ, ತಮ್ಮ ಚಾಲಕರು ತೆಗೆದ ಎರಡು ಫೋಟೊಗಳನ್ನು ತಾವು ನನಗೆ ಕಳಿಸಿ, ಅಡ್ಡಕ್ಕೆ ಎಂಟು, ಎತ್ತರಕ್ಕೆ ಆರು, ಒಳಕ್ಕೆ ಐದು, ಒಟ್ಟು 240 ಸರಿಯಾಗಿಯೇ ಇದೆ ಎಂದು ಬರೆದಿರಿ. ಆ ಫೋಟೊಗಳನ್ನು ನಾನು ಸುಳ್ಳೆನ್ನುವುದಿಲ್ಲ. ಅವು ನಮ್ಮ ಉಗ್ರಾಣದಲ್ಲಿಯೇ, ಅದೇ ಅಟ್ಟಿಯ ಮುಂದೆಯೇ ತೆಗೆದವು, ಮತ್ತು ಅವುಗಳಲ್ಲಿ ಕಾಣುವಷ್ಟನ್ನು ತಾವು ಎಣಿಸಿರುವುದೂ ಸರಿಯಾಗಿದೆ. ಆದರೆ ಕಾಣದ ಭಾಗವನ್ನು ತಾವು ಗುಣಾಕಾರದಿಂದ ತುಂಬಿಸಿದ್ದೀರಿ, ವ್ಯತ್ಯಾಸ ಬಂದಿರುವುದು ಅಲ್ಲಿಯೇ. ನನ್ನ ಲೆಕ್ಕವನ್ನು ವಿವರವಾಗಿ ಮುಂದಿಡುತ್ತಿದ್ದೇನೆ, ದಯವಿಟ್ಟು ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಮೊದಲಿಗೆ ನನ್ನ ಕಡೆಯ ಒಂದು ತಪ್ಪನ್ನು ತಿದ್ದಿಕೊಳ್ಳುತ್ತೇನೆ. ಅಂದು ಫೋನಿನಲ್ಲಿ ನಾನು 20 ಪೆಟ್ಟಿಗೆ ಕಡಿಮೆ ಎಂದಿದ್ದೆ. ನಮ್ಮ ಹುಡುಗರು ಇಡೀ ಅಟ್ಟಿಯನ್ನು ಇಳಿಸಿ ಎದುರು ಗೋಡೆಯ ಬಳಿ ಐದೈದರಂತೆ ಮತ್ತೆ ಜೋಡಿಸಿದಾಗ 44 ಅಟ್ಟಿಗಳಾದವು, ಅಂದರೆ 220. ಅದನ್ನೇ ನಾನು ತಮಗೆ ಹೇಳಿದೆ. ರಾತ್ರಿ ನಾವು ತೆಗೆದ ಫೋಟೊಗಳನ್ನು ಹಿಡಿದು ಪದರ ಪದರವಾಗಿ ಎಣಿಸಿದಾಗ 222 ಬಂದಿತು. ಎರಡು ಪೆಟ್ಟಿಗೆಗಳ ಈ ಅಂತರ ಎಲ್ಲಿಂದ ಬಂತೆಂದು ಹುಡುಕಿದಾಗ, ಮಧ್ಯಾಹ್ನವೇ ಎರಡು ಪೆಟ್ಟಿಗೆಗಳನ್ನು ಒಡೆದು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿಗೆ ಜೋಡಿಸಿದ್ದು ತಿಳಿಯಿತು. ಖಾಲಿ ರಟ್ಟುಗಳು ಅಲ್ಲಿಯೇ ಮಡಿಸಿಟ್ಟಿದ್ದವು. ಆದ್ದರಿಂದ ನನ್ನ ಹಿಂದಿನ ಸಂಖ್ಯೆಯನ್ನು ಹಿಂತೆಗೆದುಕೊಂಡು, ಕೊರತೆ 18 ಪೆಟ್ಟಿಗೆ ಎಂದು ಈ ಮೂಲಕ ತಿಳಿಸುತ್ತಿದ್ದೇನೆ.

ಈಗ ತಮ್ಮ ಚಾಲಕರ ಫೋಟೊಗಳ ವಿಷಯ. ಒಂದನೆಯದು ಅಟ್ಟಿಯ ಎದುರಿನಿಂದ ತೆಗೆದದ್ದು, ಎರಡನೆಯದು ಬಲಬದಿಯ ಓಣಿಯಲ್ಲಿ ನಿಂತು ತೆಗೆದದ್ದು. ಎದುರಿನಲ್ಲಿ 48 ಪೆಟ್ಟಿಗೆಗಳ ಮುಖ, ಬದಿಯಲ್ಲಿ 30 ಪೆಟ್ಟಿಗೆಗಳ ಮುಖ ಒಂದೂ ತಪ್ಪದೆ ಕಾಣುತ್ತವೆ. ಪ್ರತಿ ಪೆಟ್ಟಿಗೆಯ ಎತ್ತರ 25 ಸೆಂಟಿಮೀಟರ್, ಆರು ಪದರಕ್ಕೆ ಒಂದೂವರೆ ಮೀಟರ್, ಅದರ ಕೆಳಗೆ ತೇವ ತಾಗದಿರಲೆಂದು ಹಾಕಿದ ಮರದ ಹಲಗೆ ಬೇರೆ. ಫೋಟೊ ತೆಗೆದವರು ಮೊಬೈಲನ್ನು ಎದೆಯ ಮಟ್ಟದಲ್ಲಿ ಹಿಡಿದಿದ್ದಾರೆ. ಹೀಗಾಗಿ ಎರಡೂ ಫೋಟೊಗಳಲ್ಲಿ ಅಟ್ಟಿಯ ನೆತ್ತಿ ಒಂದಿಷ್ಟೂ ಕಾಣುವುದಿಲ್ಲ. ಮುಂದಿನ ಸಾಲು ಮತ್ತು ಬಲಗಡೆಯ ಸಾಲು ಪೂರ್ತಿ ಎತ್ತರಕ್ಕಿದ್ದರೆ, ಅವುಗಳ ಹಿಂದೆ ಪೆಟ್ಟಿಗೆ ಇದ್ದರೂ ಫೋಟೊ ಹೀಗೆಯೇ ಬರುತ್ತದೆ, ಇಲ್ಲದಿದ್ದರೂ ಹೀಗೆಯೇ ಬರುತ್ತದೆ. ಎಂಟು, ಆರು, ಐದನ್ನು ಗುಣಿಸುವುದು ಒಳಗೆಲ್ಲ ಭರ್ತಿಯಾಗಿರುವ ಅಟ್ಟಿಗೆ ಮಾತ್ರ ಹೊಂದುವ ಲೆಕ್ಕ.

ನಮ್ಮ ಅಟ್ಟಿ ಭರ್ತಿಯಾಗಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಅದು ಆತುಕೊಂಡಿದ್ದ ಹಿಂದಿನ ಗೋಡೆಯಲ್ಲಿ ಒಂದು ಗವಾಕ್ಷಿಯಿದೆ. ಅದನ್ನು ಮುಚ್ಚಿದರೆ ಉಗ್ರಾಣಕ್ಕೆ ಗಾಳಿಯಾಡದೆ ಕಾಗದ ಮೆತ್ತಗಾಗುತ್ತದೆಂದು ನಾನೇ ಹಮಾಲರಿಗೆ ಆ ಜಾಗ ಬಿಟ್ಟು ಜೋಡಿಸಲು ಹೇಳಿದ್ದೆ. ಅವರು ಹಾಗೆಯೇ ಮಾಡಿದರು. ಆದ್ದರಿಂದ ಅಟ್ಟಿಯ ನಡುವೆ, ಗೋಡೆಯ ಕಡೆಗೆ, ಮೇಲಿನ ಎರಡು ಪದರಗಳಲ್ಲಿ ಒಂದು ತಗ್ಗು ಉಳಿಯಿತು. ಇದರಲ್ಲಿ ಯಾರ ಮೋಸವೂ ಇಲ್ಲ, ಹಮಾಲರ ತಪ್ಪೂ ಇಲ್ಲ.

ಇದರೊಂದಿಗೆ ಕಳಿಸಿರುವ ಮೂರನೆಯ ಫೋಟೊ ಆ ತಗ್ಗನ್ನು ತೋರಿಸುತ್ತದೆ. ನಮ್ಮ ಹುಡುಗ ಏಣಿಯ ಮೇಲೆ ನಿಂತು ಮೇಲಿನಿಂದ ತೆಗೆದದ್ದು. ಎಡಗಡೆಯಿಂದ ಎಣಿಸಿದರೆ ಮೂರರಿಂದ ಆರನೆಯವರೆಗಿನ ನಾಲ್ಕು ಸಾಲುಗಳಲ್ಲಿ, ಹಿಂದಿನ ಮೂರು ಸ್ಥಾನಗಳು ಖಾಲಿಯಿವೆ. ಹೀಗೆ ಮೇಲಿನ ಪದರದಲ್ಲಿ 40ರ ಬದಲು 28 ಪೆಟ್ಟಿಗೆಗಳಿವೆ. ತಗ್ಗಿನೊಳಗೆ ನೆರಳು ಬಿದ್ದಿರುವುದರಿಂದ ಐದನೆಯ ಪದರದಲ್ಲಿ ಎಷ್ಟು ಕಡಿಮೆ ಎಂಬುದು ಈ ಫೋಟೊದಲ್ಲಿ ಖಚಿತವಾಗಿ ಕಾಣುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಅದಕ್ಕಾಗಿ ನಾಲ್ಕನೆಯ ಫೋಟೊ ನೋಡಬೇಕು. ಮೇಲಿನ ಪದರವನ್ನು ಇಳಿಸಿದ ಮೇಲೆ ತೆಗೆದ ಅದರಲ್ಲಿ ಮೂರು ಸಾಲುಗಳ ಹಿಂದಿನ ಎರಡೆರಡು ಸ್ಥಾನಗಳು ಖಾಲಿಯಿದ್ದು, ನಾಲ್ಕನೆಯ ಪದರದ ಪೆಟ್ಟಿಗೆಗಳ ಕಂದು ಟೇಪು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 34. ಕೆಳಗಿನ ನಾಲ್ಕೂ ಪದರಗಳನ್ನು ಇಳಿಸುವ ಮುನ್ನ ಒಂದೊಂದು ಫೋಟೊ ತೆಗೆದಿದ್ದೇವೆ, ಅವು ಐದರಿಂದ ಎಂಟನೆಯವು, ಪ್ರತಿಯೊಂದರಲ್ಲೂ ಪೂರ್ತಿ 40. ಕೂಡಿಸಿದರೆ 160, 34, 28, ಒಟ್ಟು 222.

ತಾವು ಇಲ್ಲಿ ಒಂದು ಪ್ರಶ್ನೆ ಕೇಳಬಹುದು, ಕೇಳುವುದು ನ್ಯಾಯವೂ ಹೌದು. ಚಾಲಕರು ಹೊರಟ ಮೇಲೆ ನಾವು 18 ಪೆಟ್ಟಿಗೆ ತೆಗೆದು ಬೇರೆಡೆ ಇಟ್ಟು, ಆಮೇಲೆ ಮೂರನೆಯ ಫೋಟೊ ತೆಗೆದಿರಬಾರದೇಕೆ? ಅದಕ್ಕೆ ಉತ್ತರ ಆ ಫೋಟೊದಲ್ಲಿಯೇ ಇದೆ. ತಮ್ಮ ಚಾಲಕರ ಎದುರಿನ ಫೋಟೊದಲ್ಲಿ, ಬಲತುದಿಯ ಪೆಟ್ಟಿಗೆಯ ಮೇಲೆ ನೀಲಿ ಬಣ್ಣದ ಒಂದು ನೀರಿನ ಬಾಟಲಿ ನಿಂತಿದೆ. ಅದು ಚಾಲಕರ ಸಹಾಯಕರದು, ಅದರ ಮುಚ್ಚಳಕ್ಕೆ ಬಿಳಿ ದಾರ ಕಟ್ಟಿದೆ. ನಮ್ಮ ಮೂರನೆಯ ಫೋಟೊದಲ್ಲಿಯೂ ಅದೇ ಬಾಟಲಿ ಅದೇ ಪೆಟ್ಟಿಗೆಯ ಮೇಲೆ, ದಾರದ ತುದಿ ಅಂಚಿನಿಂದ ಜೋತಾಡುತ್ತಿರುವಂತೆಯೇ ಇದೆ. ಹೊರಡುವಾಗ ಸಹಾಯಕರು ಬಾಟಲಿಯನ್ನು ತೆಗೆದುಕೊಂಡು ಹೋದರು. ಅಂದರೆ ತಗ್ಗು ಅವರು ನಮ್ಮಲ್ಲಿದ್ದಾಗಲೇ ಇತ್ತು. ದಯವಿಟ್ಟು ಎರಡನ್ನೂ ದೊಡ್ಡದು ಮಾಡಿ ನೋಡಿ. ಸಮಯದ ಬಗ್ಗೆಯೂ ಅನುಮಾನ ಉಳಿಯಬಾರದೆಂದು ಎಲ್ಲ ಫೋಟೊಗಳನ್ನೂ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದ್ದೇನೆ. ಸಾಮಾನ್ಯ ಫೋಟೊದಂತೆ ಕಳಿಸಿದರೆ ತೆಗೆದ ಸಮಯದ ವಿವರ ಅಳಿಸಿಹೋಗುತ್ತದೆ. ತಾವು ನನಗೆ ಕಳಿಸಿದ ಎರಡರಲ್ಲಿ ಹಾಗೆಯೇ ಆಗಿದೆ. ಚಾಲಕರ ಮೊಬೈಲಿನಲ್ಲಿ ಮೂಲ ಫೋಟೊಗಳು ಇನ್ನೂ ಇದ್ದರೆ ಅವುಗಳನ್ನೂ ಇದೇ ರೀತಿ ತರಿಸಿಕೊಂಡು ತಾಳೆ ನೋಡಬೇಕಾಗಿ ಕೋರುತ್ತೇನೆ.

ಗವಾಕ್ಷಿಗಾಗಿ ಜಾಗ ಬಿಟ್ಟರೆ, ಬಿಟ್ಟ 18 ಪೆಟ್ಟಿಗೆಗಳು ನೆಲದ ಮೇಲೆ ಬೇರೆಲ್ಲಾದರೂ ಇರಬೇಕಿತ್ತು. ತಮ್ಮ ಚಾಲಕರ ಎರಡನೆಯ ಫೋಟೊದಲ್ಲಿಯೇ ಬಲಬದಿಯ ಓಣಿಯೂ ಬಾಗಿಲವರೆಗಿನ ನೆಲವೂ ಖಾಲಿ ಕಾಣುತ್ತವೆ. ಎಡಗಡೆಗೆ ಗೋಡೆಯಿದೆ. ಎದುರಿನ ಗೋಡೆಯ ಬದಿಯೂ ಆಗ ಖಾಲಿಯಿತ್ತೆಂಬುದು ಏಣಿಯ ಮೇಲಿನಿಂದ ತೆಗೆದ ನಮ್ಮ ಫೋಟೊದ ಅಂಚಿನಲ್ಲಿ ಕಾಣುತ್ತದೆ.

ಚಲನಿಗೆ ನಮ್ಮವರು ಸಹಿ ಹಾಕಿದ್ದಾರೆ ಎಂಬುದನ್ನು ತಾವು ಎತ್ತಿ ತೋರಿಸಿದ್ದೀರಿ. ಸಹಿ ಹಾಕಿರುವುದು ನಿಜ. ಲಾರಿ ಮುಂದಿನ ಅಂಗಡಿಗೆ ಹೋಗಬೇಕೆಂದು ಅವಸರ ಮಾಡಿದ್ದರಿಂದ ಪೂರ್ತಿ ಎಣಿಕೆಗೆ ಸಮಯ ಸಿಗಲಿಲ್ಲ. ಆದರೆ ಸಹಿಯ ಮೇಲೆ ‘ಎಣಿಕೆ ಬಾಕಿ’ ಎಂದು ಕೈಬರಹದಲ್ಲಿ ಬರೆದಿದೆ, ತಮ್ಮ ಪ್ರತಿಯಲ್ಲಿಯೂ ಅದು ಇರಲೇಬೇಕು. ಎಣಿಸದೆ ಸರಕು ಬರಮಾಡಿಕೊಂಡದ್ದು ನನ್ನ ಅಂಗಡಿಯ ಲೋಪವೆಂದು ನನಗೆ ಬೇಸರವಿದೆ. ಆದರೂ ಆ ಎರಡು ಪದಗಳನ್ನು ಬರೆದದ್ದು ಇಂಥ ಸಂದರ್ಭಕ್ಕಾಗಿಯೇ.

ಉಳಿದ ಪೆಟ್ಟಿಗೆಗಳು ಎಲ್ಲಿ ಹೋದವೆಂದು ನಾನು ಹೇಳಲಾರೆ, ಯಾರ ಮೇಲೂ ಆರೋಪ ಹೊರಿಸುವುದಿಲ್ಲ. ಆದರೆ ಅದೇ ಲಾರಿಯಲ್ಲಿ ಇನ್ನೊಂದು ಅಂಗಡಿಯ ಸರಕೂ ಇತ್ತು, ಅದರ ಪೆಟ್ಟಿಗೆಗಳೂ ಇದೇ ಅಳತೆಯವು, ಇದೇ ಕಂದು ಬಣ್ಣದವು. ಹಮಾಲರು ನಮ್ಮದು ಮುಗಿಯಿತೆಂದು ಎಲ್ಲಿಗೆ ನಿಲ್ಲಿಸಿದರು, ಅಲ್ಲಿಂದ ಮುಂದೆ ಯಾರದು ಶುರುವಾಯಿತು ಎಂಬುದಕ್ಕೆ ಲಾರಿಯೊಳಗೆ ಯಾವ ಗುರುತೂ ಇರಲಿಲ್ಲ. ಮುಂದಿನ ಅಂಗಡಿಯಲ್ಲಿ ಹೆಚ್ಚು ಇಳಿದಿದೆಯೇ ಎಂದು ವಿಚಾರಿಸಿದರೆ ಈ ವಿಷಯ ಅಲ್ಲಿಯೇ ಬಗೆಹರಿಯಬಹುದು. ಲಾರಿಯನ್ನು ಹೊರಡುವ ಮುನ್ನ ಮತ್ತು ನಮ್ಮಲ್ಲಿ ಇಳಿಸಿದ ನಂತರ ತೂಕ ಮಾಡಿಸಿದ್ದರೆ ಆ ಚೀಟಿಗಳನ್ನು ಕಳಿಸಿ. ಒಂದು ಪೆಟ್ಟಿಗೆ ಸುಮಾರು 14 ಕಿಲೊ ಇದೆ, 18 ಪೆಟ್ಟಿಗೆಗೆ 252 ಕಿಲೊ. ಅಷ್ಟು ವ್ಯತ್ಯಾಸ ತೂಕದ ಚೀಟಿಯಲ್ಲಿ ಕಾಣದೆ ಹೋಗುವುದಿಲ್ಲ.

ನನ್ನ ಕೋರಿಕೆ ಇಷ್ಟು. ಪೆಟ್ಟಿಗೆಗೆ 36ರಂತೆ 648 ಪುಸ್ತಕಗಳು ನಮಗೆ ಬರಬೇಕಾಗಿದೆ. ಮುಂದಿನ ಲೋಡಿನೊಂದಿಗೆ ಆ 18 ಪೆಟ್ಟಿಗೆಗಳನ್ನು ಪ್ರತ್ಯೇಕ ಚಲನಿನಲ್ಲಿ ಕಳಿಸಿಕೊಡಿ, ಇಲ್ಲವೇ ಅಷ್ಟರ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಿ. ಇವೆರಡರಲ್ಲಿ ಪೆಟ್ಟಿಗೆಗಳು ಬಂದರೆ ನನಗೆ ಹೆಚ್ಚು ಅನುಕೂಲ, ಏಕೆಂದರೆ ಅವುಗಳನ್ನು ಕೊಡುತ್ತೇನೆಂದು ಗಿರಾಕಿಗಳಿಗೆ ಮಾತು ಕೊಟ್ಟಾಗಿದೆ. 222 ಪೆಟ್ಟಿಗೆಗಳ ಹಣವನ್ನು ವಾಯಿದೆಯ ದಿನವೇ ತಪ್ಪದೆ ಪಾವತಿಸುತ್ತೇನೆ. ವಿವಾದದಲ್ಲಿರುವ 18 ಪೆಟ್ಟಿಗೆಗಳ ಹಣವನ್ನು ಮಾತ್ರ ತಮ್ಮ ಉತ್ತರ ಬರುವವರೆಗೆ ತಡೆಹಿಡಿಯುತ್ತೇನೆ, ಇದನ್ನು ಬಾಕಿ ಉಳಿಸಿಕೊಳ್ಳುವ ನೆಪವೆಂದು ಭಾವಿಸಬಾರದು. ತಮ್ಮ ಕಡೆಯಿಂದ ಯಾರಾದರೂ ಬಂದು ನೋಡುವುದಾದರೆ, ಮುಂದಿನ ಶನಿವಾರದವರೆಗೆ ಪೆಟ್ಟಿಗೆಗಳನ್ನು ಐದೈದರ ಅಟ್ಟಿಯಲ್ಲಿಯೇ ಇರಿಸಿರುತ್ತೇನೆ. ಅಷ್ಟರಲ್ಲಿ ಒಡೆದು ಮಾರಿದ ಪೆಟ್ಟಿಗೆಗಳ ಖಾಲಿ ರಟ್ಟುಗಳನ್ನೂ ಎಸೆಯದೆ ಇಟ್ಟಿದ್ದೇನೆ, ಅವುಗಳನ್ನೂ ಕೂಡಿಸಿ ಎಣಿಸಬಹುದು.

ಮುಂದಿನ ಲೋಡುಗಳಿಗೆ ಪ್ರತಿ ಪೆಟ್ಟಿಗೆಯ ಎದುರು ಬದಿಗೆ ಸೀಮೆಸುಣ್ಣದಲ್ಲಾದರೂ ಕ್ರಮಸಂಖ್ಯೆ ಬರೆಸಿ ಕಳಿಸುವಿರಾದರೆ, ಇಳಿಸುವಾಗಲೇ ಎರಡೂ ಕಡೆಯವರು ಒಟ್ಟಿಗೆ ಲೆಕ್ಕ ಹಿಡಿಯಬಹುದು. ನಮ್ಮ ಕಡೆಯಿಂದ ಇನ್ನು ಮೇಲೆ ಎಣಿಕೆ ಮುಗಿಯುವವರೆಗೆ ಚಲನಿಗೆ ಸಹಿ ಹಾಕುವುದಿಲ್ಲ. ಅದಕ್ಕೆ ಬೇಕಾಗುವ ಅರ್ಧ ಗಂಟೆ ಕಾಯುವಂತೆ ಚಾಲಕರಿಗೆ ತಾವೇ ತಿಳಿಸಬೇಕು.

ಒಟ್ಟು ಎಂಟು ಫೋಟೊಗಳು, ‘ಎಣಿಕೆ ಬಾಕಿ’ ಎಂದು ಬರೆದ ಚಲನಿನ ನಕಲು ಈ ಪತ್ರದೊಂದಿಗಿವೆ. ಒಂದು ಮತ್ತು ಎರಡನೆಯವು ತಮ್ಮ ಚಾಲಕರವು, ಉಳಿದ ಆರು ನಮ್ಮವು. ತಮ್ಮ ಉತ್ತರವನ್ನು ಬರಹದಲ್ಲಿಯೇ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಅಂಗಡಿಯ ಮಾಲೀಕ